ಅನುಭವದ ವರ್ಷಗಳ ಲೆಕ್ಕ

ಲೆಕ್ಕಿಗರ ಹುದ್ದೆಗೆ 3ರಿಂದ 5 ವರ್ಷಗಳ ಅನುಭವ ಕೇಳಲಾಗಿದೆ ಎಂದಿಟ್ಟುಕೊಳ್ಳೋಣ. ಅರ್ಜಿದಾರನು ತನ್ನ ಬಯೋಡಾಟಾದಲ್ಲಿ ಮೂರು ನೌಕರಿಗಳನ್ನು ತೋರಿಸಿದ್ದಾನೆ: 2019ರ ಜೂನ್‌ನಿಂದ 2021ರ ಮಾರ್ಚ್‌ವರೆಗೆ ಒಂದು, 2021ರ ಜನವರಿಯಿಂದ ಡಿಸೆಂಬರ್‌ವರೆಗೆ ಇನ್ನೊಂದು, ಮೂರನೆಯದಕ್ಕೆ ಬರೀ '2022-2023'.

ಮೊದಲೆರಡು 22 ಮತ್ತು 12 ತಿಂಗಳು. ಆದರೆ ಮೂರು ತಿಂಗಳು ಎರಡರಲ್ಲೂ ಸೇರಿರುವುದರಿಂದ ಒಟ್ಟು 31 ಮಾತ್ರ. ಮೂರನೆಯದು 2022ರ ಡಿಸೆಂಬರ್‌ನಲ್ಲಿ ಆರಂಭವಾಗಿ ಮರುತಿಂಗಳೇ ಮುಗಿದಿದ್ದರೆ 2 ತಿಂಗಳು, ಎರಡು ವರ್ಷವೂ ಪೂರ್ಣವಾಗಿದ್ದರೆ 24. ಅಂದರೆ ಒಟ್ಟು ಅನುಭವ 33 ತಿಂಗಳೂ ಆಗಬಹುದು, 55 ತಿಂಗಳೂ ಆಗಬಹುದು. ಬೇಕಾದುದು ಕನಿಷ್ಠ 36.

ಇಂತಹ ಅರ್ಜಿಯನ್ನು ಬದಿಗೆಸೆಯುವುದೂ ಕಣ್ಣುಮುಚ್ಚಿ ಒಪ್ಪುವುದೂ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ತಿಂಗಳುಗಳನ್ನು ಕೇಳಿ, ಅನುಭವ ಪತ್ರದೊಂದಿಗೆ ತಾಳೆ ನೋಡಬೇಕು. ಆತ ಲೆಕ್ಕ ಬರೆದದ್ದೆಷ್ಟು, ಗಲ್ಲಾಪೆಟ್ಟಿಗೆಯ ಬಳಿ ಕುಳಿತದ್ದೆಷ್ಟು ಎಂಬುದೂ ಪ್ರಶ್ನೆಯೇ. ನಮ್ಮ ಯುವಕರು ತಿಂಗಳನ್ನು ಬರೆಯಲು ಏಕೋ ಹಿಂಜರಿಯುತ್ತಾರೆ.