ಹೌದಂದ್ರ ಕೆಳಗ, ಇಲ್ಲಂದ್ರ ಬಾಜೂಕ

ಗೃಹಲಕ್ಷ್ಮಿ ಅರ್ಜಿ ಹೆಂಗ ಹಾಕೂದು ಅಂತ ಸಂಘದ ಮೀಟಿಂಗಿನಾಗ ಪರದೆ ಮ್ಯಾಲೆ ತೋರಿಸ್ತಾರಲ್ರೀ, ಅದರಾಗ ಎಲ್ಲಾ ಇರ್ತದ, ನಮಗ ಬೇಕಾದ್ದೊಂದು ಇರೂದಿಲ್ಲ. ಮದಲು ಯೋಜನಾದ ಉದ್ದೇಶ, ಆಮ್ಯಾಲೆ ಇಲಾಖೆ ಹೆಸರು, ಆಮ್ಯಾಲೆ ದಾಖಲೆ ಪಟ್ಟಿ. ತಿಳೀತೇನ್ರೀ ಅಂದ್ರ ಎಲ್ಲಾರೂ ಗೋಣ ಹಾಕ್ತೀವಿ. ಮನೀಗೆ ಬಂದಮ್ಯಾಲೆ "ಅಕ್ಕಾ, ನಾಳೆ ಮದಲ ಎಲ್ಲಿ ಹೋಗಬೇಕ?" ಅಂತ ಒಬ್ಬರಿಗೊಬ್ಬರು ಫೋನ್ ಹಚ್ಚೂದು ಸುರು.

ನನ್ನ ಮಾತೇನಂದ್ರ, ಇದಕ್ಕ ಹತ್ತು ಸ್ಲೈಡ್ ಬ್ಯಾಡ, ಒಂದ ಸಾಕು. ಆದರ ಅದನ್ನ ಕಚೇರಿ ಕಡಿಂದ ಅಲ್ಲ, ನಮ್ಮ ಹೊಸ್ತಿಲ ಕಡಿಂದ ಬರೀಬೇಕು. ಒಂದೊಂದು ಚೌಕದಾಗ ಒಂದ ಪ್ರಶ್ನೆ. ಹೌದಂದ್ರ ಬಾಣ ಕೆಳಗ ಹೋಗಬೇಕು, ಇಲ್ಲಂದ್ರ ಬಾಜೂಕ. ಬಾಜೂ ಚೌಕದಾಗ ಯಾವ ಕಚೇರಿ, ಏನ ತಗೊಂಡ ಹೋಗಬೇಕು ಅಂತ ಎರಡ ಸಾಲು. ಅಲ್ಲಿಂದ ಬಾಣ ತಿರುಗಿ ಅದ ಪ್ರಶ್ನೆಗೆ ಬರಬೇಕು. ಈ ತಿರುಗಿ ಬರೂ ಬಾಣ ಭಾಳ ಮಂದಿ ಬಿಟ್ಟಬಿಡ್ತಾರ. ಅದಿಲ್ಲದಿದ್ರ "ಇಲ್ಲ" ಅಂದಾಕಿಗೆ ತನ್ನ ಕೆಲಸ ಅಲ್ಲೇ ಮುಗೀತು ಅನಿಸ್ತದ.

ಪ್ರಶ್ನೆಗಳ ಸಾಲೂ ಹೆಂಗರ ಇದ್ರ ನಡೆಯೂದಿಲ್ಲ. ಮದಲನೇದು, ನೀವಾಗಲಿ ನಿಮ್ಮ ಯಜಮಾನ್ರಾಗಲಿ ಇನ್‌ಕಮ್ ಟ್ಯಾಕ್ಸ್ ಅಥವಾ ಜಿಎಸ್‌ಟಿ ಕಟ್ಟೂವ್ರೇನು? ಹೌದಂದ್ರ ಈ ರೊಕ್ಕ ನಿಮಗಿಲ್ಲ. ಇದೊಂದ ಪ್ರಶ್ನೆಗೆ ಹೌದು ಅಂದವ್ರ ಬಾಣ ಹೊರಗ ಹೋಗ್ತದ, ಅದಕ್ಕ ಇದನ್ನ ಬ್ಯಾರೆ ಬಣ್ಣದಾಗ ಬರೀಬೇಕು. ಕಡೀಗಿಟ್ರ ನಾಕು ಕಚೇರಿ ಅಡ್ಡಾಡಿದಮ್ಯಾಲೆ ಗೊತ್ತಾಗ್ತದ, ಏನ ಉಪಯೋಗ?

ಎರಡನೇದು, ರೇಷನ್ ಕಾರ್ಡಿನಾಗ ಮನೀ ಯಜಮಾನಿ ಅಂತ ನಿಮ್ಮ ಹೆಸರೈತೇನು? ಮನ್ಯಾಗ ಎಷ್ಟ ಹೆಣ್ಮಕ್ಕಳಿದ್ರೂ ರೊಕ್ಕ ಒಬ್ಬಾಕಿಗೇ, ಅದೂ ಕಾರ್ಡಿನಾಗಿನ ಯಜಮಾನಿಗೆ.

ಮೂರನೇದು ಬ್ಯಾಂಕಿಂದು. ಎಲ್ಲಾರೂ ಜಾರೂದು ಇಲ್ಲೇ, ಯಾಕಂದ್ರ ಪ್ರಶ್ನೆನ ತಪ್ಪ ಕೇಳ್ತಾರ. "ಬ್ಯಾಂಕಿಗೆ ಆಧಾರ್ ಕೊಟ್ಟೀರೇನು" ಅಂದ್ರ ಎಲ್ಲಾರೂ ಹೌದಂತಾರ, ಖಾತೆ ತಗ್ಯೂವಾಗ ಝೆರಾಕ್ಸ್ ಕೊಟ್ಟಿರ್ತೀವಲ್ಲ. ಆದರ ಆ ಝೆರಾಕ್ಸ್ ಬ್ಯಾರೆ, ಸರಕಾರದ ರೊಕ್ಕ ಬರೂಹಂಗ ಆಧಾರ್ ಜೋಡಿಸೂದು ಬ್ಯಾರೆ. ಅದಕ್ಕ ಬ್ಯಾಂಕಿನಾಗ ಆಧಾರ್ ಸೀಡಿಂಗ್ ಅಂತಾರ, ಬ್ಯಾರೆ ಫಾರ್ಮ್ ಇರ್ತದ. ಎರಡ ಬ್ಯಾಂಕಿನಾಗ ಖಾತೆ ಇದ್ರೂ ಒಂದಕ್ಕ ಮಾತ್ರ ಹಂಗ ಜೋಡಣಿ ಇರ್ತದ, ರೊಕ್ಕ ಅಲ್ಲೇ ಹೋಗ್ತದ. ಹಿಂಗಾಗಿ ಚೌಕದಾಗ ಬರೀಬೇಕಾದ ಪ್ರಶ್ನೆ: "ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗೇತಿ?" ಮಗಳ ಕಡಿಂದ myAadhaar ಜಾಲತಾಣದಾಗ Bank Seeding Status ಅಂತ ಇರೂದನ್ನ ಒತ್ತಿಸಿದ್ರ ಬ್ಯಾಂಕಿನ ಹೆಸರು ಕಾಣ್ತದ. ಆಧಾರಿಗೆ ಕೊಟ್ಟ ಫೋನಿಗೆ ಒಟಿಪಿ ಬರ್ತದ, ಆ ನಂಬರ್ ಚಾಲೂ ಇರಬೇಕು.

ಈ ಮೂರೂ ದಾಟಿದಮ್ಯಾಲೆನ ಗ್ರಾಮ ಒನ್ ಅಥವಾ ಬಾಪೂಜಿ ಸೇವಾ ಕೇಂದ್ರದ ಚೌಕ. ಅದರ ಕೆಳಗ, ಚೀಟಿ ಇಸಕೊಳ್ರಿ.

ನಮ್ಮ ಓಣ್ಯಾಗಿನ ಒಬ್ಬಾಕಿ ಲೆಕ್ಕ ಹಚ್ಚಿ ನೋಡ್ರಿ. ಅತ್ತಿ ತೀರಿಕೊಂಡು ವರ್ಷಾತು, ಕಾರ್ಡಿನಾಗ ಇನ್ನೂ ಅತ್ತಿನ ಯಜಮಾನಿ. ಆಕಿ ನೇರ ಸೇವಾ ಕೇಂದ್ರಕ್ಕ ಹೋದ್ಲು, ಆಗಂಗಿಲ್ಲ ಅಂದ್ರು. ಬ್ಯಾಂಕಿಗೆ ಹೋದ್ಲು, ನಮ್ಮಲ್ಲಿ ಎಲ್ಲಾ ಬರೋಬ್ಬರಿ ಐತಿ ಅಂದ್ರು. ಎರಡ ದಿನದ ಕೂಲಿ ಹೋತು. ಹಾಳಿ ಮ್ಯಾಲೆ ಬಳ್ಳಿಟ್ಟಿದ್ರ ಎರಡನೇ ಪ್ರಶ್ನೆಗೆನ ಬಾಜೂಕ ಹೋಗತಿದ್ಲು: ಆಹಾರ ಇಲಾಖೆ, ಅತ್ತಿ ಮರಣ ಪ್ರಮಾಣಪತ್ರ, ಮನೀ ಮಂದೀ ಆಧಾರ್. ಆ ಚೌಕದಾಗ ಇನ್ನೊಂದ ಸಾಲು ಬೇಕು, ಕಾರ್ಡಿನ ತಿದ್ದುಪಡಿ ದಿನಾ ತಗೊಳ್ಳೂದಿಲ್ಲ, ಯಾವಾಗ ಸುರು ಐತಿ ಅಂತ ಕೇಳಿಕೊಂಡ ಹೋಗ್ರಿ. ಆಕಿಗೆ ಇದನ್ನ ಯಾರೂ ಹೇಳಿರಲಿಲ್ಲ.

ನನ್ನ ತಂಗಿ ಮಗ ಇಂಥಾ ಸ್ಲೈಡ್ ಮಾಡೂ ಕೆಲಸದಾಗ ಇದ್ದಾನ. "ಮೌಶೀ, ಎಲ್ಲಾ ನಿಯಮ ಹಾಕದಿದ್ರ ನಾಳೆ ನಮ್ಮನ್ನ ಬೈತಾರ" ಅಂದ. ಅವನ ಮಾತೂ ಸುಳ್ಳಲ್ಲ. ಕಾರ್ಡಿನಾಗೊಂದು ಆಧಾರಿನಾಗೊಂದು ಹೆಸರು, ಇಂಥವು ಇದ್ದ ಇರ್ತಾವ. ಆದರ ಎಲ್ಲಾ ಒಂದ ಹಾಳ್ಯಾಗ ತುರುಕಿದ್ರ ಅಕ್ಷರ ಇರಿವಿ ಆಗ್ತಾವ, ಹಿಂದಿನ ಸಾಲಿನವ್ರಿಗೆ ಕಾಣೂದಿಲ್ಲ. ಅವನ್ನ ಹಿಂದಿನ ಪುಟಕ್ಕ ಹಾಕು ಅಂದೆ. ಮುಂದಿನ ಪುಟದಾಗ ಚೌಕ ಎಂಟು ದಾಟಬಾರದು.

ಕಡೀ ಚೌಕದ ಬಗ್ಗೆ ಅಂವಗೂ ನನಗೂ ಇನ್ನೂ ವಾದ ನಡದದ. ಅಂವಾ "ಅರ್ಜಿ ಸಲ್ಲಿಕೆಯಾಯಿತು" ಅಂತ ಮುಗಸ್ತಾನ. ನಾ ಬ್ಯಾಡಂತೀನಿ. "ಎರಡ ಸಾವಿರ ಬಂತೇನು?" ಅಂತಿರಬೇಕು. ಇಲ್ಲಂದ್ರ ಚೀಟಿ ತಗೊಂಡು ಯಾರ ಹತ್ರ ಹೋಗಬೇಕು ಅಂತ ಬಾಜೂಕ ಇನ್ನೊಂದ ಬಾಣ.