ಬದುಕಿದ್ದಾರೆ, ಆದರೆ ಪಾಸ್‌ವರ್ಡ್ ಹೇಳಲಾರರು: ನಾಮಿನಿಗೂ ತೆರೆಯದ ಖಾತೆಯ ಕತೆ

ಗುರುವಾಯನಕೆರೆಯ ನನ್ನ ದೊಡ್ಡಪ್ಪನಿಗೆ ಸ್ಟ್ರೋಕ್ ಆದದ್ದು ಒಂದು ಬೆಳಗಿನ ಜಾವ. ಮಧ್ಯಾಹ್ನದ ಹೊತ್ತಿಗೆ ಅವರು ಮಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದರು. ಸಂಜೆಯೊಳಗೆ ಅಡ್ವಾನ್ಸ್ ಕಟ್ಟಬೇಕಿತ್ತು. ದುಡ್ಡು ಇರಲಿಲ್ಲವೇ? ಇತ್ತು. ಅಡಿಕೆ ಮಾರಿದ ಹಣ ಅವರದೇ ಖಾತೆಯಲ್ಲಿ ಕೂತಿತ್ತು. ಖಾತೆ ಅವರೊಬ್ಬರ ಹೆಸರಲ್ಲಿತ್ತು. ಆ ಖಾತೆಗೆ ಇದ್ದ ಎಲ್ಲ ದಾರಿಗಳೂ ಅವರ ಮೊಬೈಲ್ ಒಳಗಿದ್ದವು. ಮೊಬೈಲಿನ ಪ್ಯಾಟರ್ನ್ ಅವರ ತಲೆಯಲ್ಲಿತ್ತು.

ಮೊದಲ ದಿನ ಅಣ್ಣ ಒಂದು ಕೆಲಸ ಮಾಡಿದ. ಪ್ರಜ್ಞೆಯಿಲ್ಲದ ಅಪ್ಪನ ಹೆಬ್ಬೆರಳನ್ನು ಫೋನಿಗೆ ಒತ್ತಿದ. ಫೋನ್ ತೆರೆಯಿತು, ಆದರೆ ಹಣ ಕಳಿಸಲು ಯುಪಿಐ ಪಿನ್ ಬೇಕು, ಅದು ಯಾರಿಗೂ ಗೊತ್ತಿಲ್ಲ. ಎರಡು ದಿನ ಕಳೆದ ಮೇಲೆ ಬ್ಯಾಟರಿ ಮುಗಿದು ಫೋನ್ ಆಫ್ ಆಯಿತು. ಚಾರ್ಜ್ ಮಾಡಿ ಆನ್ ಮಾಡಿದರೆ ಬೆರಳಿನ ಗುರುತನ್ನೇ ಅದು ಒಪ್ಪಲಿಲ್ಲ, ಪ್ಯಾಟರ್ನ್ ಕೇಳಿತು. ಇದು ಫೋನಿನ ಕೆಡುಕಲ್ಲ. ರೀಸ್ಟಾರ್ಟ್ ಆದ ಮೇಲೆ ಆಂಡ್ರಾಯ್ಡ್ ಫೋನುಗಳು ಒಮ್ಮೆಯಾದರೂ ಪಿನ್ ಅಥವಾ ಪ್ಯಾಟರ್ನ್ ಕೇಳಿಯೇ ಕೇಳುತ್ತವೆ. ಆಫ್ ಆಗದಿದ್ದರೂ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಕೇಳುತ್ತವೆ. ಯಾಕೆಂದರೆ ಬೆರಳು ನಿದ್ದೆಯಲ್ಲೂ ಒತ್ತಿಸಬಹುದಾದ ವಸ್ತು. ಪ್ಯಾಟರ್ನ್ ಬೇಕೆಂದರೆ ಮನುಷ್ಯ ಎಚ್ಚರ ಇರಬೇಕು.

"ಕಂಪನಿಗೆ ಬರೆದರೆ ಪಾಸ್‌ವರ್ಡ್ ಕೊಡುದಿಲ್ವಾ? ನೀನು ಇಂಜಿನಿಯರಿಂಗ್ ಓದಿದವ ಅಲ್ವಾ ಮಾರಾಯ" ಎಂದು ಅಣ್ಣ ನನ್ನನ್ನು ಕೇಳಿದ. ಕೊಡುವುದಿಲ್ಲ. ಕೊಡಲು ಅವರ ಹತ್ತಿರ ಅದು ಇರುವುದೂ ಇಲ್ಲ.

ಇದನ್ನು ಬಹಳ ಜನ ನಂಬುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಪಾಸ್‌ವರ್ಡ್ ಇಟ್ಟಾಗ ಸರಿಯಾಗಿ ಕಟ್ಟಿದ ಯಾವ ವ್ಯವಸ್ಥೆಯೂ ಅದನ್ನು ಹಾಗೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಒಂದು ಲೆಕ್ಕಾಚಾರದೊಳಗೆ ಹಾಕಿ, ಹೊರಬಂದ ಫಲಿತಾಂಶವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಕಾಫಿ ಬೀಜ ಹಾಕಿದರೆ ಪುಡಿ ಬರುತ್ತದೆ, ಪುಡಿಯಿಂದ ಮತ್ತೆ ಬೀಜ ಮಾಡಲಾಗುವುದಿಲ್ಲ. ಮುಂದಿನ ಸಲ ನೀವು ಲಾಗಿನ್ ಆಗುವಾಗ ಹೊಸದಾಗಿ ಪುಡಿ ಮಾಡಿ, ಹಳೆಯ ಪುಡಿಯ ಜೊತೆ ಹೋಲಿಸಿ ನೋಡುತ್ತದೆ, ಅಷ್ಟೇ. ಹಾಗಾಗಿ ಕಂಪನಿಯ ಕೈಯಲ್ಲಿ ಆಗುವುದು ಹಳೆಯ ಪಾಸ್‌ವರ್ಡ್ ಹೇಳುವುದಲ್ಲ, ಹೊಸದನ್ನು ಇಡಲು ಬಿಡುವುದು. ಯಾರಿಗೆ ಬಿಡಬೇಕು ಎಂಬುದೇ ಪ್ರಶ್ನೆ. ದೂರದ ಕಂಪ್ಯೂಟರಿಗೆ ನನ್ನ ಅಣ್ಣನೂ ಒಬ್ಬ ಕಳ್ಳನೂ ಒಂದೇ ಥರ ಕಾಣುತ್ತಾರೆ. ಇಬ್ಬರೂ ಹೇಳುವುದು ಒಂದೇ: "ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಬೇಗ ಖಾತೆ ತೆರೆದು ಕೊಡಿ."

ಕೋರ್ಟ್ ಹೇಳಿದರೂ ಪಾಸ್‌ವರ್ಡ್ ಕೈಗೆ ಬರುವುದು ಅಪರೂಪ. 2004ರಲ್ಲಿ ಇರಾಕಿನ ಫಲ್ಲೂಜಾದಲ್ಲಿ ಸತ್ತ ಅಮೆರಿಕದ ಒಬ್ಬ ಸೈನಿಕನ ಇಮೇಲ್ ಬೇಕೆಂದು ಅವನ ಅಪ್ಪ ಯಾಹೂ ಕಂಪನಿಯನ್ನು ಕೇಳಿದರು. ಕಂಪನಿ ಒಪ್ಪಲಿಲ್ಲ. 2005ರಲ್ಲಿ ಮಿಷಿಗನ್‌ನ ಕೋರ್ಟ್ ಆದೇಶ ಕೊಟ್ಟ ಮೇಲೆ ಯಾಹೂ ಇಮೇಲುಗಳನ್ನು ಸಿಡಿಗೆ ಹಾಕಿ ಕೊಟ್ಟಿತು. ಪಾಸ್‌ವರ್ಡ್ ಕೊಡಲಿಲ್ಲ. ಒಳಗಿರುವುದನ್ನು ಕೊಡುವುದು ಬೇರೆ, ಆ ಮನುಷ್ಯನಾಗಿ ವರ್ತಿಸುವ ಅಧಿಕಾರ ಕೊಡುವುದು ಬೇರೆ. ಪಾಸ್‌ವರ್ಡ್ ಎರಡನೆಯದು. ಅದು ಸಿಕ್ಕವರು ಓದುವುದಷ್ಟೇ ಅಲ್ಲ, ಖಾತೆದಾರನ ಹೆಸರಲ್ಲಿ ಬರೆಯಬಹುದು, ಅಳಿಸಬಹುದು, ಹಣ ಕಳಿಸಬಹುದು.

ಇದೆಲ್ಲ ಸತ್ತವರ ವಿಷಯ. ದೊಡ್ಡಪ್ಪ ಬದುಕಿದ್ದರು. ನಿಜವಾದ ಗುಂಡಿ ಇರುವುದು ಇಲ್ಲಿ.

ದೊಡ್ಡಮ್ಮ ಪಾಸ್‌ಬುಕ್ ಹಿಡಿದುಕೊಂಡು ಬ್ಯಾಂಕಿಗೆ ಹೋದರು. ಖಾತೆಗೆ ಅವರೇ ನಾಮಿನಿ. ಮ್ಯಾನೇಜರ್ ಮರ್ಯಾದೆಯಿಂದಲೇ ಕೂರಿಸಿ ಹೇಳಿದರು: "ಅಮ್ಮಾ, ನಾಮಿನಿ ಅಂದ್ರೆ ಅವರು ತೀರಿಕೊಂಡ ಮೇಲೆ. ಈಗ ಅವರು ಇದ್ದಾರಲ್ಲ." ದೊಡ್ಡಮ್ಮ ಏನೂ ಹೇಳದೆ ಎದ್ದು ಬಂದರು. ಗಂಡ ಬದುಕಿರುವುದೇ ಬ್ಯಾಂಕಿನಲ್ಲಿ ಅಡ್ಡಿಯಾದರೆ ಒಬ್ಬ ಹೆಂಗಸು ಯಾರಿಗೆ ಏನು ಹೇಳಬೇಕು? ಆದರೆ ಮ್ಯಾನೇಜರ್ ಹೇಳಿದ್ದು ಕಾನೂನಿನ ಪ್ರಕಾರ ಸರಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ನಾಮಿನಿಗಳನ್ನು ಇಡಬಹುದು ಎಂಬ ಹೊಸ ವ್ಯವಸ್ಥೆ ಬಂದಿದೆ. ನಾಲ್ಕಿರಲಿ, ಹತ್ತಿರಲಿ, ಖಾತೆದಾರ ಉಸಿರಾಡುವವರೆಗೆ ಅವರಲ್ಲಿ ಯಾರಿಗೂ ಒಂದು ರೂಪಾಯಿ ತೆಗೆಯುವ ಹಕ್ಕಿಲ್ಲ.

ಪವರ್ ಆಫ್ ಅಟಾರ್ನಿ ಮಾಡಿಸಿದ್ದರೆ? ಊರಲ್ಲಿ ಬಹಳ ಜನ ಇದನ್ನೇ ನಂಬಿಕೊಂಡಿದ್ದಾರೆ. ನಮ್ಮ 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವನ ಬುದ್ಧಿ ಸ್ವಾಧೀನ ತಪ್ಪಿದರೆ ಏಜೆನ್ಸಿಯೂ ಮುಗಿಯುತ್ತದೆ. ಅಂದರೆ ಮಳೆ ಬಂದ ಕೂಡಲೇ ಮುಚ್ಚಿಕೊಳ್ಳುವ ಕೊಡೆ ಇದು. ಇಂಗ್ಲೆಂಡಿನಲ್ಲಿ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯಡಿ, ಸಾಮರ್ಥ್ಯ ಹೋದ ಮೇಲೂ ಉಳಿಯುವ ಪವರ್ ಆಫ್ ಅಟಾರ್ನಿ ಮಾಡಿಡಬಹುದು. ನಮ್ಮಲ್ಲಿ ಹಾಗಿಲ್ಲ.

ಗಾರ್ಡಿಯನ್ ಆಗಬಹುದಲ್ಲ ಎಂದರೆ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇರುವುದು ಅಪ್ರಾಪ್ತರಿಗೆ. ಕೋಮಾದಲ್ಲಿರುವ ವಯಸ್ಕನಿಗೆ ಗಾರ್ಡಿಯನ್ ನೇಮಿಸಲು ನೇರವಾದ ಕಾಯ್ದೆಯೇ ಇಲ್ಲ. ಹಾಗಾಗಿ ಕುಟುಂಬಗಳು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಾಗುತ್ತದೆ. ನಮಗೆ ಹತ್ತಿರದ ಉದಾಹರಣೆ ಕೇರಳದ್ದು. 2019ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಇಂಥ ಪ್ರಕರಣಗಳಿಗೆ ಮಾರ್ಗಸೂಚಿ ಹಾಕಿತು, ಕಾಸರಗೋಡಿನ ಕನ್ನಡದ ಮನೆಗಳಿಗೂ ಅದೇ ಅನ್ವಯ. ಅರ್ಜಿದಾರರು ರೋಗಿಯ ಆಸ್ತಿಯ ವಿವರ ಕೊಡಬೇಕು. ನರರೋಗ ತಜ್ಞರಿರುವ ಮೆಡಿಕಲ್ ಬೋರ್ಡ್ ರೋಗಿಯನ್ನು ಪರೀಕ್ಷಿಸಬೇಕು. ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿ ಮನೆಗೆ ಬಂದು ವರದಿ ಕೊಡಬೇಕು. ಗಾರ್ಡಿಯನ್ ಆದವರು ಆರು ತಿಂಗಳಿಗೊಮ್ಮೆ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್‌ಗೆ ಲೆಕ್ಕ ಒಪ್ಪಿಸಬೇಕು. ತಮಿಳುನಾಡಿನಲ್ಲಿ 2024ರಲ್ಲಿ ಕೋಮಾದಲ್ಲಿದ್ದ ಗಂಡನ ಆಸ್ತಿ ಮಾರಿ ಚಿಕಿತ್ಸೆ ಮಾಡಿಸಲು ಹೊರಟ ಹೆಂಡತಿಗೆ ಮೊದಲು ಸಿಕ್ಕ ಉತ್ತರ ಸಿವಿಲ್ ಕೋರ್ಟಿಗೆ ಹೋಗಿ ಎಂಬುದು. ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ ಮೇಲ್ಮನವಿಯಲ್ಲಿ ಆಕೆಯನ್ನು ಗಾರ್ಡಿಯನ್ ಮಾಡಿತು. ಈ ತಪಾಸಣೆಗಳೆಲ್ಲ ಬೇಕು, ಒಪ್ಪೋಣ. ಆದರೆ ಐಸಿಯು ಬಿಲ್ ದಿನದ ಲೆಕ್ಕದಲ್ಲಿ ಓಡುತ್ತದೆ, ಅರ್ಜಿ ತಿಂಗಳ ಲೆಕ್ಕದಲ್ಲಿ.

ಆಗ ಜನ ಏನು ಮಾಡುತ್ತಾರೆ? ಸಿಮ್ ತೆಗೆದು ಬೇರೆ ಫೋನಿಗೆ ಹಾಕುತ್ತಾರೆ. ಓಟಿಪಿ ಬರುತ್ತದೆ, ಒಂದೊಂದೇ ಬಾಗಿಲು ತೆರೆಯುತ್ತದೆ. ನಮ್ಮ ಮನೆಯಲ್ಲೂ ಈ ಮಾತು ಬಂತು. ದೊಡ್ಡಮ್ಮನ ಉದ್ದೇಶ ಮೋಸವಲ್ಲ ನಿಜ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಹೇಳುವುದೂ ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬೇರೆಯವರ ಪಾಸ್‌ವರ್ಡ್ ಬಳಸುವುದರ ಬಗ್ಗೆ. ಆದರೆ ಮೋಸ ಅಲ್ಲ ಎಂದ ಮಾತ್ರಕ್ಕೆ ಅಧಿಕಾರ ಉಂಟು ಎಂದಾಗುವುದಿಲ್ಲ. ನಾಳೆ ಇನ್ನೊಬ್ಬ ಮಗನೋ ಮಗಳೋ ಲೆಕ್ಕ ಕೇಳಿದರೆ, ಬ್ಯಾಂಕಿನ ದಾಖಲೆಯಲ್ಲಿ ಐಸಿಯುನಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದವರು ಅದೇ ದಿನ ಹಣ ವರ್ಗಾಯಿಸಿದ್ದಾರೆ ಎಂದಿರುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ದೊಡ್ಡಮ್ಮ. ನಾವು ಸಾಲ ಮಾಡಿದೆವು.

ಹನ್ನೊಂದನೇ ದಿನ ದೊಡ್ಡಪ್ಪನಿಗೆ ಪ್ರಜ್ಞೆ ಬಂತು. ಬಲಗೈ ಆಡುತ್ತಿರಲಿಲ್ಲ, ಮಾತೂ ಇಲ್ಲ. ಆದರೆ ಹೇಳಿದ್ದು ಅರ್ಥವಾಗುತ್ತಿತ್ತು. ಕಾನೂನಿನ ಒಂದು ಸಣ್ಣ ಬಾಗಿಲು ತೆರೆದದ್ದು ಆಗ. ಆರ್‌ಬಿಐ ಬ್ಯಾಂಕುಗಳಿಗೆ ಕೊಟ್ಟ ಸೂಚನೆಗಳಲ್ಲಿ ಇದು ಬಹಳ ಹಿಂದಿನಿಂದಲೂ ಇದೆ: ಬ್ಯಾಂಕಿಗೆ ಬರಲಾಗದ, ಸಹಿ ಹಾಕಲಾಗದ ರೋಗಿಯ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಎದುರು ತೆಗೆದುಕೊಳ್ಳಬಹುದು. ಇಬ್ಬರೂ ಬ್ಯಾಂಕಿಗೆ ಪರಿಚಿತರಿರಬೇಕು, ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು. ಹೆಬ್ಬೆಟ್ಟೂ ಆಗದಿದ್ದರೆ ರೋಗಿ ಮಾಡಿದ ಒಂದು ಗುರುತು ಸಾಕು. ಹಣ ಯಾರ ಕೈಗೆ ಕೊಡಬೇಕು ಎಂಬುದನ್ನು ರೋಗಿಯೇ ಸೂಚಿಸಬೇಕು, ಅದಕ್ಕೂ ಇಬ್ಬರು ಸಾಕ್ಷಿ. ಅಣ್ಣ ಇದನ್ನು ಲಿಖಿತವಾಗಿ ಕೇಳಿದ. ಬ್ಯಾಂಕಿನ ಒಬ್ಬ ಅಧಿಕಾರಿ ವಾರ್ಡಿಗೆ ಬಂದರು. ದೊಡ್ಡಪ್ಪ ಎಡಗೈ ಹೆಬ್ಬೆಟ್ಟು ಒತ್ತಿದರು, ದೊಡ್ಡಮ್ಮನ ಕಡೆ ಕಣ್ಣು ತಿರುಗಿಸಿ ತಲೆ ಆಡಿಸಿದರು. ಮರುದಿನ ಹಣ ಬಂತು. ಮೊದಲ ದಿನವೇ ಯಾರಾದರೂ ಇದನ್ನು ಹೇಳಿದ್ದರೂ ಪ್ರಯೋಜನ ಇರಲಿಲ್ಲ, ಏಕೆಂದರೆ ಈ ನಿಯಮಕ್ಕೆ ತಲೆ ಆಡಿಸುವ ಮನುಷ್ಯ ಬೇಕು. ಆದರೆ ಹನ್ನೊಂದನೇ ದಿನವೂ ಅದನ್ನು ನಾವೇ ಹುಡುಕಿಕೊಂಡು ಹೋಗಬೇಕಾಯಿತು.

ಅವತ್ತೇ ಅಣ್ಣ ಫೋನ್ ಅವರ ಎಡಗೈಗೆ ಕೊಟ್ಟ. ಎರಡು ಸಲ ತಪ್ಪಿತು. ಮೂರನೇ ಸಲ ಪ್ಯಾಟರ್ನ್ ಎಳೆಯುವ ಮೊದಲು ಅವರು ಪರದೆಯನ್ನು ಎದೆಯ ಕಡೆಗೆ ತಿರುಗಿಸಿಕೊಂಡರು. ನಮಗೆ ಕಾಣಬಾರದು ಎಂದು. ಅಣ್ಣನಿಗೆ ಸಿಟ್ಟು ಬಂತು. ನನಗೆ ಮಾತ್ರ ಇಷ್ಟು ದಿನ ಕಂಪನಿಗಳು, ಬ್ಯಾಂಕು, ಕಾನೂನು ಹೇಳುತ್ತಿದ್ದದ್ದು ಆಗ ಅರ್ಥವಾಯಿತು. ಹಾಸಿಗೆಯಲ್ಲಿರುವವನಿಗೂ ಅವನದೇ ಆದ ಒಂದು ಕೋಣೆ ಉಂಟು. ಹೆಂಡತಿ ಮಕ್ಕಳು ಎಂದ ಮಾತ್ರಕ್ಕೆ ಅದರ ಕೀಲಿ ನಮ್ಮದಾಗುವುದಿಲ್ಲ.

ಹಾಗಾದರೆ ಕೇಳಬೇಕಾದ್ದು ಪಾಸ್‌ವರ್ಡ್ ಅಲ್ಲ. "ನನಗೆ ಹೀಗಾದರೆ ಇಂಥವರು, ಇಷ್ಟು ಕೆಲಸ ಮಾತ್ರ ಮಾಡಬಹುದು" ಎಂದು ಆರೋಗ್ಯವಾಗಿದ್ದಾಗಲೇ ಬರೆದಿಡುವ ಹಕ್ಕು. ಕುತೂಹಲದ ವಿಷಯ ಏನೆಂದರೆ ನಮ್ಮ ಸಂಸತ್ತು ಇದನ್ನು ಒಂದು ಕಡೆ ಒಪ್ಪಿಕೊಂಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 14ನೇ ಸೆಕ್ಷನ್ ನಾಮನಿರ್ದೇಶನದ ಹಕ್ಕು ಕೊಡುತ್ತದೆ, ಅದು ಸಾವಿಗೆ ಮಾತ್ರವಲ್ಲ, ಅಸಾಮರ್ಥ್ಯಕ್ಕೂ. ಬುದ್ಧಿಯ ಅಸ್ವಸ್ಥತೆ ಅಥವಾ ದೇಹದ ದುರ್ಬಲತೆ ಎಂದು ಅದರ ಅರ್ಥವನ್ನೂ ಬರೆದಿದೆ. ಆದರೆ 2025ರ ನವೆಂಬರಿನಲ್ಲಿ ನಿಯಮಗಳು ಬಂದರೂ ಇಂಥ ಹಕ್ಕುಗಳು ಜಾರಿಯಾಗಲು 18 ತಿಂಗಳ ಗಡುವು ಇಟ್ಟಿದ್ದಾರೆ. ಬಂದ ಮೇಲೂ ಅದು ದತ್ತಾಂಶದ ಹಕ್ಕು, ಹಣ ತೆಗೆಯುವ ಹಕ್ಕಲ್ಲ. ದತ್ತಾಂಶಕ್ಕೆ ಒಪ್ಪಿದ್ದನ್ನು ಬ್ಯಾಂಕ್ ಖಾತೆಗೆ ಯಾಕೆ ಒಪ್ಪಬಾರದು? ನಾಲ್ಕು ನಾಮಿನಿಗಳ ಫಾರ್ಮಿನಲ್ಲಿ ಇನ್ನೊಂದು ಸಾಲು ಸೇರಿಸಿ, ಆಸ್ಪತ್ರೆ ಬಿಲ್ಲಿಗೆ ಮಾತ್ರ, ಆಸ್ಪತ್ರೆಯ ಖಾತೆಗೆ ಮಾತ್ರ, ಇಬ್ಬರು ವೈದ್ಯರ ಪ್ರಮಾಣಪತ್ರದ ಮೇಲೆ ಎಂದು ಮಿತಿ ಹಾಕಬಹುದಲ್ಲ?

ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ನೋಡಬೇಕಾದ್ದು ಮುಖ್ಯವಾಗಿ ಒಂದು. ಅಪ್ಪ ಅಮ್ಮನ ಮನೆಖರ್ಚಿನ ಖಾತೆ ಜಂಟಿ ಇದೆಯೇ, ಇದ್ದರೆ ಯಾವ ಥರದ್ದು? "ಐದರ್ ಆರ್ ಸರ್ವೈವರ್" ಆದರೆ ಒಬ್ಬರು ಮಲಗಿದರೂ ಇನ್ನೊಬ್ಬರು ಹಣ ತೆಗೆಯಬಹುದು. "ಫಾರ್ಮರ್ ಆರ್ ಸರ್ವೈವರ್" ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವವರೆಗೆ ಎರಡನೆಯವರಿಗೆ ಏನೂ ಇಲ್ಲ, ಜಂಟಿ ಎಂಬ ಹೆಸರಷ್ಟೇ. ಗೂಗಲ್‌ನ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್‌ನಲ್ಲಿ ಯಾರಿಗೆ ಏನು ಸಿಗಬೇಕು ಎಂದು ಬರೆದಿಡಬಹುದು, ಆದರೆ ಅದು ಎಚ್ಚರಗೊಳ್ಳುವುದು ಕಡಿಮೆ ಎಂದರೂ ಮೂರು ತಿಂಗಳ ಮೌನದ ನಂತರ. ಫೋಟೋ, ಮೇಲ್‌ಗೆ ಸರಿ, ಆಸ್ಪತ್ರೆ ಬಿಲ್ಲಿಗೆ ಅಲ್ಲ.

ದೊಡ್ಡಪ್ಪ ಈಗ ಕೋಲು ಹಿಡಿದು ತೋಟದವರೆಗೆ ಹೋಗಿ ಬರುತ್ತಾರೆ. ಖಾತೆಗೆ ದೊಡ್ಡಮ್ಮನ ಹೆಸರು ಸೇರಿದೆ, ಐದರ್ ಆರ್ ಸರ್ವೈವರ್. ಫೋನಿನ ಪ್ಯಾಟರ್ನ್ ಇವತ್ತಿಗೂ ಅವರೊಬ್ಬರಿಗೇ ಗೊತ್ತು.