ಹಳದಿ ಚೌಕಗಳ ಲೆಕ್ಕ

ಹೋದ ಭಾನುವಾರ ತಿಂಡಿಯ ಹೊತ್ತಿನಲ್ಲಿ ಆರನೇ ತರಗತಿಯ ನನ್ನ ಮೊಮ್ಮಗಳು ಕೇಳಿಬಿಟ್ಟಳು: "ತಾತ, ಅಪ್ಪ ಎಷ್ಟು ವರ್ಷ ಬದುಕ್ತಾರೆ?" ಸೊಸೆಗೆ ಗಾಬರಿ. "ಏ, ಬಿಡ್ತು ಅನ್ನು!" ಎಂದು ಗದರಿದಳು. ನಾನು, "ಬಯ್ಯಬೇಡಮ್ಮ, ಉಳಿತಾಯದ ಲೆಕ್ಕ ಶುರುವಾಗೋದೇ ಆ ಪ್ರಶ್ನೆಯಿಂದ" ಎಂದು ಮೊಮ್ಮಗಳಿಂದ ಚೌಕ ಗೆರೆಯ ಲೆಕ್ಕದ ಪುಸ್ತಕ ತರಿಸಿದೆ.

ಒಂದು ಚೌಕಕ್ಕೆ ಒಂದು ವರ್ಷ. ನನ್ನ ಮಗನಿಗೆ ಈಗ 40. ಕಳೆದುಹೋದ 40 ಚೌಕಗಳನ್ನು ಅವಳು ಪೆನ್ಸಿಲಿನಲ್ಲಿ ಹೊಡೆದುಹಾಕಿದಳು. ಅವನು 60ಕ್ಕೆ ನಿವೃತ್ತನಾಗುತ್ತಾನೆ. ಸಂಬಳ ಬರುವ ಆ 20 ಚೌಕಗಳಿಗೆ ಹಸಿರು ಬಣ್ಣ. ಅಲ್ಲಿಂದ ಮುಂದೆ ಸಂಬಳವಿಲ್ಲದ ವರ್ಷಗಳಿಗೆ ಹಳದಿ. ಎಷ್ಟು ಹಳದಿ?

ನಮ್ಮ ದೇಶದ ಸರಾಸರಿ ಆಯಸ್ಸು ಸುಮಾರು 70 ಎಂದು ಓದುತ್ತೇವೆ. ಅದು ಹುಟ್ಟಿದ ಮಗುವಿನ ಲೆಕ್ಕ. ಚಿಕ್ಕಂದಿನಲ್ಲೇ ತೀರಿಕೊಂಡವರೂ ಅದರಲ್ಲಿ ಸೇರಿರುತ್ತಾರೆ. 60 ಮುಟ್ಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಸರಾಸರಿ ಎಂದ ಮೇಲೆ ಅದನ್ನು ದಾಟುವವರೂ ಬಹಳ ಜನ.

ನಾನು ಕೌಂಟರಿನಲ್ಲಿದ್ದ ಕಾಲದಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು ಬರುತ್ತಿದ್ದರು. "ನಮ್ಮ ವಂಶದಲ್ಲಿ 75 ದಾಟಿದವರಿಲ್ಲ ಸ್ವಾಮಿ" ಎಂದು ತಮ್ಮ ಠೇವಣಿಯನ್ನು 75ಕ್ಕೆ ಮುಗಿಯುವ ಹಾಗೆ ಹಂಚಿಕೊಂಡಿದ್ದರು. 76ನೇ ವಯಸ್ಸಿನಲ್ಲೂ ನಡೆದುಕೊಂಡೇ ಬ್ಯಾಂಕಿಗೆ ಬಂದರು. ಆರೋಗ್ಯ ಚೆನ್ನಾಗಿತ್ತು, ಠೇವಣಿ ಮುಗಿದಿತ್ತು. ಅದಕ್ಕೇ ನಾವು 85ರವರೆಗೆ ಹಳದಿ ಹಚ್ಚಿದೆವು. 25 ಚೌಕ.

ಅಷ್ಟರಲ್ಲಿ ಮೊಮ್ಮಗಳು, "ಅಮ್ಮ?" ಎಂದಳು. ಸರಿಯಾದ ಮಾತು. ಸೊಸೆ ಮಗನಿಗಿಂತ 5 ವರ್ಷ ಚಿಕ್ಕವಳು. ಅವಳಿಗೆ 85 ಆಗುವಾಗ ಅವನಿಗೆ 90. ಮನೆಯ ಲೆಕ್ಕವನ್ನು ಚಿಕ್ಕವರ ವಯಸ್ಸಿಗೆ ಹಿಡಿಯಬೇಕು. ಇನ್ನು 5 ಸೇರಿ 30 ಹಳದಿ ಚೌಕವಾಯಿತು.

ಈಗ ಒಂದು ಚೌಕದ ಬೆಲೆ. ಶಾಲೆಯ ಫೀಸು, ಮನೆಸಾಲದ ಕಂತು ಬಿಟ್ಟು ಗಂಡ ಹೆಂಡತಿ ಇಬ್ಬರ ಜೀವನಕ್ಕೆ ಇವತ್ತಿನ ಬೆಲೆಯಲ್ಲಿ ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಂಡೆವು. ವರ್ಷಕ್ಕೆ 2,40,000. ಮಗನ ಪಿ.ಎಫ್.ನಲ್ಲಿ ಈಗ 12 ಲಕ್ಷ ಇದೆ. ಅದರಿಂದ 5 ಚೌಕ ತುಂಬಿತು. ಉಳಿದದ್ದು 25 ಹಳದಿ, ತುಂಬಲು ಇರುವುದು 20 ಹಸಿರು. ಅಂದರೆ ದುಡಿಯುವ ಪ್ರತಿ ವರ್ಷವೂ ಒಂದೂಕಾಲು ಚೌಕ ತುಂಬಬೇಕು: 3 ಲಕ್ಷ, ತಿಂಗಳಿಗೆ 25,000. ಪಿ.ಎಫ್.ಗೆ ಅವನದೂ ಕಂಪನಿಯದೂ ಸೇರಿ 10,000 ಹೋಗುತ್ತಿದೆ. ಇನ್ನು 15,000 ಅವನೇ ತೆಗೆದಿಡಬೇಕು.

"ಬೆಲೆ ಏರುತ್ತಲ್ಲಪ್ಪ?" ಎಂದ ಮಗ. ಏರುತ್ತದೆ. ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷದಲ್ಲಿ ಚೌಕದ ಬೆಲೆ ಎರಡರಷ್ಟಾಗುತ್ತದೆ. ಆದ್ದರಿಂದ ಈ ಲೆಕ್ಕ ನಿಲ್ಲುವುದು ಎರಡು ಷರತ್ತಿನ ಮೇಲೆ. ಇಟ್ಟ ಹಣಕ್ಕೆ ಬರುವ ಬಡ್ಡಿ ಬೆಲೆ ಏರಿಕೆಯಷ್ಟಾದರೂ ಇರಬೇಕು. ತೆಗೆದಿಡುವ ಹಣವೂ ವರ್ಷವರ್ಷ ಅಷ್ಟೇ ಏರಬೇಕು. ಈ ವರ್ಷ 25,000 ಆದರೆ ಮುಂದಿನ ವರ್ಷ 26,500.

ಇದು ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದು ಸುಲಭ. ಪ್ರತಿ ಯುಗಾದಿಗೆ ಒಟ್ಟು ಉಳಿತಾಯವನ್ನು ಆ ವರ್ಷದ ಖರ್ಚಿನಿಂದ ಭಾಗಿಸಿ. ಬರುವುದೇ ತುಂಬಿದ ಚೌಕಗಳ ಸಂಖ್ಯೆ. ಪಾಸ್‌ಬುಕ್ಕಿನಲ್ಲಿ ರೂಪಾಯಿ ಹೆಚ್ಚಿ ಚೌಕ ಹೆಚ್ಚದಿದ್ದರೆ ಆ ಹೆಚ್ಚಳವನ್ನು ಬೆಲೆ ಏರಿಕೆ ತಿಂದುಹಾಕಿದೆ ಎಂದರ್ಥ. ನಡುವೆ ಮದುವೆಗೋ ಕಾರಿಗೋ ಪಿ.ಎಫ್. ತೆಗೆದರೆ ಎಷ್ಟು ಚೌಕ ಅಳಿಸಿತು ಎಂಬುದೂ ಅಲ್ಲೇ ಕಾಣುತ್ತದೆ.

ಮಗ ಮೌನವಾಗಿ ಆ ಹಾಳೆ ನೋಡುತ್ತಿದ್ದ. "25ನೇ ವಯಸ್ಸಿಗೇ ಶುರು ಮಾಡಿದ್ದರೆ?" ಎಂದ. ಮೊಮ್ಮಗಳೇ ಲೆಕ್ಕ ಹಾಕಿದಳು. ಆಗ 35 ಹಸಿರು, 30 ಹಳದಿ. ಕೈಯಲ್ಲಿ ಒಂದು ಕಾಸಿಲ್ಲದೆ ಶುರು ಮಾಡಿದ್ದರೂ ಇವತ್ತಿನ ಬೆಲೆಯಲ್ಲಿ ತಿಂಗಳಿಗೆ ಸುಮಾರು 17,000 ಸಾಕಿತ್ತು. 50ಕ್ಕೆ ಬರಿಗೈಯಲ್ಲಿ ಶುರು ಮಾಡುವವರಿಗೆ 10 ಹಸಿರು ಚೌಕ 30 ಹಳದಿಯನ್ನು ಹೊರಬೇಕು, ತಿಂಗಳಿಗೆ 60,000.

ಆ ಹಾಳೆ ಈಗ ನಮ್ಮ ಬೀರುವಿನ ಬಾಗಿಲ ಒಳಗಡೆ ಅಂಟಿಕೊಂಡಿದೆ. ಮಕ್ಕಳೇ, ನೀವೂ ನಿಮ್ಮ ಮನೆಯ ಚೌಕಗಳನ್ನು ಎಣಿಸಿ. ಅಮ್ಮನ ಚೌಕಗಳನ್ನು ಮರೆಯಬೇಡಿ.